ಸಗಟಿನಲ್ಲಿ ಇಳಿತ, ಸಂತೆಯಲ್ಲಿ ಏರಿಕೆ: ಮಣಲಿಯಿಂದ ಕಂಡ ಉಳಿತಾಯ ಮತ್ತು ಸಾಲ

ಚೆನ್ನೈನ ಉತ್ತರದ ಅಂಚಿನಲ್ಲಿರುವ ಮಣಲಿಯ ತೈಲ ಸಂಸ್ಕರಣಾಗಾರ 1969ರಿಂದ ನಡೆಯುತ್ತಿದೆ. ಮದ್ರಾಸ್ ರಿಫೈನರೀಸ್ ಎಂಬ ಹೆಸರಲ್ಲಿ ಹುಟ್ಟಿದ ಅದು ಈಗ ಚೆನ್ನೈ ಪೆಟ್ರೋಲಿಯಂ. 2014ರ ಮಧ್ಯದಲ್ಲಿ ಬ್ಯಾರೆಲ್‌ಗೆ 100 ಡಾಲರ್ ದಾಟಿದ್ದ ಕಚ್ಚಾತೈಲ 2016ರ ಜನವರಿಯಲ್ಲಿ 30 ಡಾಲರ್‌ಗಿಂತ ಕೆಳಗಿಳಿಯಿತು. ದೇಶದ ಸಗಟು ಬೆಲೆ ಸೂಚ್ಯಂಕವೂ ಜೊತೆಗೇ ಕುಸಿದು, 2015-16ರಲ್ಲಿ ಸರಾಸರಿ ಶೇ 2.5ರಷ್ಟು ಇಳಿಯಿತು. ಲೆಕ್ಕದ ಪ್ರಕಾರ ಅದು ಹಣದಿಳಿತ. ಆದರೆ ಅದೇ ವರ್ಷ ಗ್ರಾಹಕ ಬೆಲೆ ಸುಮಾರು ಶೇ 5ರಷ್ಟು ಏರಿತು.

ಎರಡೂ ನಿಜ. ಸಗಟು ಸೂಚ್ಯಂಕದಲ್ಲಿ ಮನೆ ಬಾಡಿಗೆಯಾಗಲಿ, ಶಾಲೆಯ ಶುಲ್ಕವಾಗಲಿ, ವೈದ್ಯರ ಫೀಸಾಗಲಿ ಇಲ್ಲ. ಸೇವೆಗಳನ್ನು ಅದು ಎಣಿಸುವುದೇ ಇಲ್ಲ. ತೈಲ ಅಗ್ಗವಾದದ್ದರ ಲಾಭವೂ ಪೂರ್ತಿಯಾಗಿ ಬಂಕಿನವರೆಗೆ ಬರಲಿಲ್ಲ. 2014ರ ನವೆಂಬರ್‌ನಿಂದ 2016ರ ಜನವರಿಯವರೆಗೆ ಕೇಂದ್ರ ಸರ್ಕಾರ ಅಬಕಾರಿ ಸುಂಕವನ್ನು ಒಂಬತ್ತು ಸಲ ಏರಿಸಿ, ಪೆಟ್ರೋಲ್ ಲೀಟರಿಗೆ ಒಟ್ಟು 11.77 ರೂಪಾಯಿ ಹೆಚ್ಚಿಗೆ ಪಡೆಯಿತು.

ಹೀಗಾಗಿ ಸಾಲ ಇಬ್ಬರಿಗೆ ಎರಡು ತೂಕದ್ದಾಯಿತು. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಸಂಬಳದಾರನೊಬ್ಬ ಶೇ 10ರ ಬಡ್ಡಿಗೆ ಮನೆ ಸಾಲ ಮಾಡಿದ್ದಾನೆ; ಅವನ ಸಂಬಳ ಗ್ರಾಹಕ ಬೆಲೆಯ ಜೊತೆ ಶೇ 5ರಷ್ಟು ಏರುತ್ತದೆ. ಅವನಿಗೆ ಬಡ್ಡಿಯ ನಿಜವಾದ ಭಾರ ಸುಮಾರು ಶೇ 5. ಪಕ್ಕದ ಬೀದಿಯ ಸಣ್ಣ ಕಾರ್ಖಾನೆಯವನು ಶೇ 12ಕ್ಕೆ ಸಾಲ ತಂದು ಕೊಳವೆ, ಡಬ್ಬಿ ಮಾಡಿ ಸಗಟಿಗೆ ಮಾರುತ್ತಾನೆ. ಅವನ ಸರಕಿನ ಬೆಲೆ 100ರಿಂದ 96ಕ್ಕೆ ಇಳಿಯಿತು. 100 ರೂಪಾಯಿ ಸಾಲಕ್ಕೆ ವರ್ಷದ ಕೊನೆಗೆ ಅಸಲು ಬಡ್ಡಿ ಸೇರಿ 112 ರೂಪಾಯಿ ಕಟ್ಟಲು ಮೊದಲಿನ ಒಂದರ ಬದಲು 1.17ರಷ್ಟು ಸರಕು ಬೇಕು. ನಿಜವಾದ ಬಡ್ಡಿ ಸುಮಾರು ಶೇ 17. ಕಚ್ಚಾವಸ್ತು ಅಗ್ಗವಾಗಿದ್ದರೆ ಉಸಿರಾಡಲು ಅಷ್ಟು ಜಾಗ ಸಿಗುತ್ತದೆಯೇ ಹೊರತು, ಹಳೆಯ ಸಾಲ ಹಾಗೇ ಇರುತ್ತದೆ.

ಉಳಿತಾಯಗಾರನ ದೂರು ಬೇರೆಯೇ. ರಿಸರ್ವ್ ಬ್ಯಾಂಕ್ 2015ರ ಆರಂಭದಲ್ಲಿ ಶೇ 8 ಇದ್ದ ರೆಪೊ ದರವನ್ನು 2016ರ ಏಪ್ರಿಲ್ ಹೊತ್ತಿಗೆ ಶೇ 6.5ಕ್ಕೆ ತಂದಿತು, ಠೇವಣಿಯ ಬಡ್ಡಿಯೂ ಕರಗಿತು. ನಿವೃತ್ತರು ಗೊಣಗಿದಾಗ ಗವರ್ನರ್ ರಘುರಾಮ್ ರಾಜನ್ 2016ರ ಜನವರಿಯಲ್ಲಿ ಹಿಡಿದ ಅಳತೆಗೋಲು ದೋಸೆ. ಒಂದು ಲಕ್ಷ ಠೇವಣಿ, ದೋಸೆಗೆ 50 ರೂಪಾಯಿ: ಇವತ್ತು 2000 ದೋಸೆ. ಬಡ್ಡಿಯೂ ಬೆಲೆಯೇರಿಕೆಯೂ ಶೇ 10 ಆದರೆ, ವರ್ಷದ ನಂತರ ಕೈಗೆ 1,10,000, ದೋಸೆಗೆ 55, ಮತ್ತೆ ಅದೇ 2000. ಬಡ್ಡಿ ಶೇ 8ಕ್ಕೆ, ಬೆಲೆಯೇರಿಕೆ ಶೇ 5.5ಕ್ಕೆ ಇಳಿದರೆ 1,08,000 ರೂಪಾಯಿಗೆ ಸುಮಾರು 2047 ದೋಸೆ. ಗಂಟು ಚಿಕ್ಕದಾಗಿ ಕಂಡರೂ ಹೊಟ್ಟೆಗೆ ಸಿಗುವುದು ಹೆಚ್ಚು. ಈ ಲೆಕ್ಕಕ್ಕೂ ಮಿತಿಯಿದೆ: ಬಡ್ಡಿಯನ್ನಷ್ಟೇ ತಿಂಗಳ ಖರ್ಚಿಗೆ ಬಳಸುವವರ ಕೈಗೆ ಬರುವ ರೊಕ್ಕ ಕಡಿಮೆಯಾದದ್ದು ಸುಳ್ಳಲ್ಲ, ಮತ್ತು ವೃದ್ಧರ ಔಷಧದ ಬೆಲೆ ದೋಸೆಯ ಬೆಲೆಯನ್ನು ಅನುಸರಿಸಬೇಕೆಂದೇನೂ ಇಲ್ಲ.

ಸಂತೆಯಲ್ಲೂ ಬೆಲೆ ಕುಸಿದ ನಿಜವಾದ ಹಣದಿಳಿತವನ್ನು ನೋಡಲು 1930ರ ದಶಕಕ್ಕೆ ಹೋಗಬೇಕು. ಆಗ ಮಣಲಿ, ಮಂಗಳೂರು, ಕಾಸರಗೋಡು, ಬಳ್ಳಾರಿ ಎಲ್ಲವೂ ಒಂದೇ ಮದ್ರಾಸ್ ಪ್ರಾಂತ್ಯ. ಮಹಾಕುಸಿತದ ಕೆಲವೇ ವರ್ಷಗಳಲ್ಲಿ ಅಕ್ಕಿಯ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಬಿತ್ತು. 25 ಮುಡಿ ಅಕ್ಕಿ ಮಾರಿದರೆ ತೀರುತ್ತಿದ್ದ ಸಾಲಕ್ಕೆ ಈಗ 50 ಮುಡಿ ಬೇಕಾಯಿತು, ಬಡ್ಡಿ ಬೇರೆ. ಕಂದಾಯವನ್ನೂ ನಗದಿನಲ್ಲೇ ಕಟ್ಟಬೇಕಿತ್ತು. 1931ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಚಿನ್ನದ ನಂಟು ಕಡಿದುಕೊಂಡ ಮೇಲೆ ರೂಪಾಯಿ ಲೆಕ್ಕದಲ್ಲಿ ಚಿನ್ನದ ಬೆಲೆ ಏರಿತು. ಮನೆಗಳ ಒಡವೆ ಗಟ್ಟಿಯಾಗಿ ಹಡಗು ಹತ್ತಿತು. ನಗದಿಟ್ಟುಕೊಂಡವನು ಮತ್ತು ಸಾಲ ಕೊಟ್ಟವನು ಕಾಗದದ ಮೇಲೆ ಗೆದ್ದರು, ವಸೂಲಿ ಮಾತ್ರ ಆಗಲಿಲ್ಲ.

ಕೊನೆಗೆ ರಾಜಾಜಿ ಮಂತ್ರಿಮಂಡಲ 1938ರಲ್ಲಿ ರೈತರ ಸಾಲ ಪರಿಹಾರ ಕಾಯ್ದೆ ತಂದಿತು. 1932ರ ಅಕ್ಟೋಬರ್ 1ಕ್ಕೆ ಮುಂಚಿನ ಸಾಲಗಳಲ್ಲಿ, 1937ರ ಅಕ್ಟೋಬರ್ 1ರವರೆಗೆ ಬಾಕಿಯಿದ್ದ ಬಡ್ಡಿ ಪೂರ್ತಿ ಮನ್ನಾ. ಅಸಲಿನ ಎರಡರಷ್ಟು ಈಗಾಗಲೇ ಕೊಟ್ಟಿದ್ದರೆ ಸಾಲವೇ ಚುಕ್ತಾ. ಬೆಲೆಕುಸಿತ ಹೆಚ್ಚಿಸಿದ ಭಾರವನ್ನು ಕಾನೂನೇ ಇಳಿಸಿದ ಅಪರೂಪದ ಪ್ರಸಂಗ ಇದು.

ಯುದ್ಧಕಾಲದ ಹಣದುಬ್ಬರ ಉಳಿದ ಕೆಲಸ ಮಾಡಿತು. ಅರ್ಥಶಾಸ್ತ್ರಜ್ಞ ಬಿ.ವಿ. ನಾರಾಯಣಸ್ವಾಮಿ ನಾಯ್ಡು ಅವರ 1946ರ ವರದಿಯಂತೆ ಪ್ರಾಂತ್ಯದ ಗ್ರಾಮೀಣ ಸಾಲ 1939ರ ಸುಮಾರು 272 ಕೋಟಿ ರೂಪಾಯಿಯಿಂದ 1945ಕ್ಕೆ 218 ಕೋಟಿಗೆ ಇಳಿಯಿತು. ಮಾರಲು ಬೆಳೆ ಮಿಗುತ್ತಿದ್ದ ದೊಡ್ಡ ಹಿಡುವಳಿದಾರರು ಹಳೆಯ ಸಾಲ ಹಗುರ ರೂಪಾಯಿಯಲ್ಲಿ ತೀರಿಸಿದರು. ಅಕ್ಕಿಯನ್ನು ಕೊಂಡೇ ಉಣ್ಣಬೇಕಿದ್ದ ಕೂಲಿಕಾರರ ಸಾಲ ಆ ಆರು ವರ್ಷಗಳಲ್ಲಿ ಹೆಚ್ಚಾಯಿತು.