ಸಿಂಗಲ್ ಫೇಸ್ ಥೈರಿಸ್ಟರ್ ರೆಕ್ಟಿಫೈಯರ್ (ರೋಧಕ ಲೋಡ್)

ಪರ್ಯಾಯ ವಿದ್ಯುತ್ತನ್ನು ಏಕಮುಖ ವಿದ್ಯುತ್ತಾಗಿಸುವುದರ ಜೊತೆಗೆ, ಲೋಡಿಗೆ ಸಿಗುವ ಸರಾಸರಿ ವೋಲ್ಟೇಜನ್ನೂ ಬೇಕಾದಂತೆ ಏರಿಳಿಸಬಲ್ಲ ಸರ್ಕಿಟ್ಟಿಗೆ ನಿಯಂತ್ರಿತ ರೆಕ್ಟಿಫೈಯರ್ ಎಂದು ಹೆಸರು. ಸಿಂಗಲ್ ಫೇಸ್ ಸರಬರಾಜಿನಲ್ಲಿ ಇದರ ಅತ್ಯಂತ ಸರಳ ರೂಪಕ್ಕೆ ಒಂದೇ ಒಂದು ಥೈರಿಸ್ಟರ್ ಸಾಕು. ಅದನ್ನು ಮೇನ್ಸ್ ಮತ್ತು ಲೋಡಿನ ನಡುವೆ ಸರಣಿಯಲ್ಲಿ ಜೋಡಿಸಲಾಗುತ್ತದೆ. ಲೋಡ್ ಶುದ್ಧ ರೋಧಕವಾಗಿದ್ದರೆ, ಉದಾಹರಣೆಗೆ ಹೀಟರಿನ ಕಾಯಿಲ್ ಆಗಿದ್ದರೆ, ಕರೆಂಟಿನ ಆಕಾರವೂ ವೋಲ್ಟೇಜಿನ ಆಕಾರವೂ ಒಂದೇ ಆಗಿರುತ್ತವೆ. ಲೆಕ್ಕವೂ ಸ್ವಚ್ಛವಾಗಿ ಮುಗಿಯುತ್ತದೆ. ಈ ಲೇಖನ ಮುಖ್ಯವಾಗಿ ಈ ಅರ್ಧ ತರಂಗದ ಸರ್ಕಿಟ್ಟನ್ನು ಕುರಿತದ್ದು.

ಇಲ್ಲಿ ಬಳಸುವ ಥೈರಿಸ್ಟರನ್ನು ಎಸ್‌ಸಿಆರ್ ಎಂದೂ ಕರೆಯುತ್ತಾರೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ 1957ರಲ್ಲಿ ಇದು ರೂಪುಗೊಂಡಿತು. ಅದಕ್ಕೂ ಮೊದಲು ಇದೇ ಕೆಲಸವನ್ನು ಥೈರಟ್ರಾನ್ ಎಂಬ ಅನಿಲ ತುಂಬಿದ ಕೊಳವೆಗಳೂ ಪಾದರಸದ ಆರ್ಕ್ ರೆಕ್ಟಿಫೈಯರುಗಳೂ ಮಾಡುತ್ತಿದ್ದವು. ಥೈರಿಸ್ಟರಿಗೆ ಆನೋಡ್, ಕ್ಯಾಥೋಡ್, ಗೇಟ್ ಎಂಬ ಮೂರು ತುದಿಗಳು. ಕ್ಯಾಥೋಡಿಗಿಂತ ಆನೋಡ್ ಧನಾತ್ಮಕವಾಗಿದ್ದರೂ ಗೇಟಿಗೆ ಪಲ್ಸ್ ಬರುವವರೆಗೆ ಅದು ಕರೆಂಟನ್ನು ತಡೆದು ನಿಲ್ಲಿಸುತ್ತದೆ. ಪಲ್ಸ್ ಬಂದು ಒಮ್ಮೆ ಆನ್ ಆದ ಮೇಲೆ ಗೇಟಿಗೆ ಅದರ ಮೇಲೆ ಹಿಡಿತವಿರುವುದಿಲ್ಲ. ಕರೆಂಟ್ ಬಹುತೇಕ ಸೊನ್ನೆಗೆ ಇಳಿದಾಗಲೇ ಅದು ಆಫ್ ಆಗುತ್ತದೆ. ರೋಧಕ ಲೋಡಿನಲ್ಲಿ ವೋಲ್ಟೇಜ್ ಸೊನ್ನೆಯಾದ ಕ್ಷಣವೇ ಕರೆಂಟೂ ಸೊನ್ನೆಯಾಗುವುದರಿಂದ, ಧನ ಅರ್ಧಚಕ್ರದ ಕೊನೆಯಲ್ಲಿ ಥೈರಿಸ್ಟರ್ ತಾನಾಗಿಯೇ ಆಫ್ ಆಗುತ್ತದೆ. ಆಫ್ ಮಾಡಲು ಬೇರೆ ವ್ಯವಸ್ಥೆಯೇನೂ ಬೇಡ. ಮುಂದಿನ ಋಣ ಅರ್ಧಚಕ್ರ ಪೂರ್ತಿ ಅದು ವೋಲ್ಟೇಜನ್ನು ತಡೆದು ನಿಲ್ಲುತ್ತದೆ.

ಫೈರಿಂಗ್ ಕೋನ

ಥೈರಿಸ್ಟರಿನ ಜಾಗದಲ್ಲಿ ಡಯೋಡ್ ಇದ್ದಿದ್ದರೆ ಅದು ಯಾವ ಕ್ಷಣದಲ್ಲಿ ಕರೆಂಟ್ ಹರಿಸಲು ಶುರುಮಾಡುತ್ತಿತ್ತೋ, ಅಲ್ಲಿಂದ ಗೇಟ್ ಪಲ್ಸ್ ಬರುವವರೆಗಿನ ವಿಳಂಬವನ್ನು ಕೋನದಲ್ಲಿ ಅಳೆದರೆ ಅದೇ ಫೈರಿಂಗ್ ಕೋನ. ಇದರ ಗುರುತು α. ಸಿಂಗಲ್ ಫೇಸಿನಲ್ಲಿ ಆ ಆರಂಭದ ಬಿಂದುವೆಂದರೆ ವೋಲ್ಟೇಜ್ ಋಣದಿಂದ ಧನಕ್ಕೆ ದಾಟುವ ಸೊನ್ನೆ. ನಮ್ಮ 50 ಹರ್ಟ್ಸ್ ಸರಬರಾಜಿನಲ್ಲಿ ಒಂದು ಪೂರ್ಣ ಚಕ್ರಕ್ಕೆ 20 ಮಿಲಿಸೆಕೆಂಡ್, ಅರ್ಧಚಕ್ರಕ್ಕೆ 10 ಮಿಲಿಸೆಕೆಂಡ್ ಹಿಡಿಯುತ್ತದೆ. ಹಾಗಾಗಿ 90° ಎಂದರೆ 5 ಮಿಲಿಸೆಕೆಂಡಿನ ವಿಳಂಬ. ಆಸಿಲೋಸ್ಕೋಪಿನ ಪರದೆಯಲ್ಲಿ ಕೋನ ನೇರವಾಗಿ ಕಾಣುವುದಿಲ್ಲ, ಕಾಣುವುದು ಸಮಯ ಮಾತ್ರ. ಸೊನ್ನೆಯಿಂದ ತರಂಗ ಮೇಲೇಳುವ ಜಾಗದವರೆಗಿನ ಮಿಲಿಸೆಕೆಂಡುಗಳನ್ನು 18ರಿಂದ ಗುಣಿಸಿದರೆ α ಡಿಗ್ರಿಗಳಲ್ಲಿ ಸಿಗುತ್ತದೆ.

ಸರಾಸರಿ ವೋಲ್ಟೇಜಿನ ಸೂತ್ರ

ಸರಬರಾಜಿನ ವೋಲ್ಟೇಜ್ Vm sin θ ಎಂದಿರಲಿ. ಲೋಡಿನ ಮೇಲೆ ವೋಲ್ಟೇಜ್ ಇರುವುದು α ಇಂದ π ವರೆಗೆ ಮಾತ್ರ. ಚಕ್ರದ ಉಳಿದ ಭಾಗದಲ್ಲೆಲ್ಲ ಸೊನ್ನೆ. ಆ ತುಣುಕಿನ ವಿಸ್ತೀರ್ಣವನ್ನು ಪೂರ್ಣ ಚಕ್ರದ ಉದ್ದವಾದ 2π ಇಂದ ಭಾಗಿಸಿದರೆ ಸರಾಸರಿ ಬರುತ್ತದೆ:

Vdc = (1/2π) ∫ Vm sin θ dθ (θ = α → π)

Vdc = (Vm/2π) (1 + cos α)

ಸೈನಿನ ಸಂಕಲನ −cos. ಅದಕ್ಕೆ π ಮತ್ತು α ಎಂಬ ಎರಡು ತುದಿಗಳನ್ನು ಹಾಕಿದಾಗ ಮೊದಲನೆಯದರಿಂದ 1, ಎರಡನೆಯದರಿಂದ cos α ಬರುತ್ತದೆ. ಸೂತ್ರದಲ್ಲಿರುವ ಆ 1 ಎಲ್ಲಿಂದ ಬಂತೆಂಬುದನ್ನು ನೆನಪಿಡುವುದು ಒಳ್ಳೆಯದು: ಕರೆಂಟ್ ಸರಿಯಾಗಿ π ನಲ್ಲಿ ನಿಲ್ಲುತ್ತದೆ ಎಂಬ ಕಾರಣಕ್ಕೆ ಬಂದದ್ದು ಅದು. ಲೋಡಿನಲ್ಲಿ ಇಂಡಕ್ಟರ್ ಸೇರಿ ಕರೆಂಟ್ π ದಾಟಿ ಹರಿಯತೊಡಗಿದರೆ ಈ ಸೂತ್ರ ಅಲ್ಲಿಗೇ ತಪ್ಪುತ್ತದೆ.

230 ವೋಲ್ಟ್ ಮೇನ್ಸಿನ ಗರಿಷ್ಠ ವೋಲ್ಟೇಜ್ ಸುಮಾರು 325. ಆಗ α ಸೊನ್ನೆಯಿದ್ದರೆ ಸರಾಸರಿ 103.5 ವೋಲ್ಟ್; 60° ಇದ್ದರೆ 77.7, 90° ಇದ್ದರೆ 51.8, 120° ಇದ್ದರೆ 25.9, 180° ಮುಟ್ಟಿದರೆ ಸೊನ್ನೆ. ಈ ಇಳಿಕೆ ಸಮಾನವಾಗಿಲ್ಲ. ಕೋನವನ್ನು 0°ಯಿಂದ 30°ಗೆ ತಿರುಗಿಸಿದರೆ ಕಳೆದುಹೋಗುವುದು 7 ವೋಲ್ಟ್ ಮಾತ್ರ. ಅಷ್ಟೇ ಅಂತರವನ್ನು 75°ಯಿಂದ 105°ಗೆ ತಿರುಗಿಸಿದರೆ ಸುಮಾರು 27 ವೋಲ್ಟ್ ಹೋಗುತ್ತದೆ. ಸೈನ್ ತರಂಗ ಮಧ್ಯದಲ್ಲಿ ಎತ್ತರ, ಅಂಚುಗಳಲ್ಲಿ ಗಿಡ್ಡ. ಅಂಚಿನಲ್ಲಿ ಕತ್ತರಿಸಿದ ತುಣುಕಿನಲ್ಲಿ ವಿಸ್ತೀರ್ಣವೇ ಕಡಿಮೆ. ನಿಯಂತ್ರಣದ ಗುಬುಟನ್ನು ಸಮವಾಗಿ ತಿರುಗಿಸಿದಾಗ ವೋಲ್ಟೇಜೂ ಸಮವಾಗಿ ಬದಲಾಗಬೇಕೆಂದರೆ, ನಿಯಂತ್ರಣ ವೋಲ್ಟೇಜನ್ನು ರ‍್ಯಾಂಪಿನ ಬದಲು ಕೊಸೈನ್ ತರಂಗದೊಂದಿಗೆ ಹೋಲಿಸಿ ಪಲ್ಸ್ ಹುಟ್ಟಿಸಬೇಕು. ಆಗ cos α ನಿಯಂತ್ರಣ ವೋಲ್ಟೇಜಿಗೆ ಅನುಪಾತದಲ್ಲಿರುತ್ತದೆ, ಸರಾಸರಿಯೂ ಸರಳರೇಖೆಯಲ್ಲಿ ಬದಲಾಗುತ್ತದೆ.

ಒಂದು ಹೀಟರಿನ ಲೆಕ್ಕ

ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಸೂತ್ರದಲ್ಲಲ್ಲ, ಅದರ ಬಳಕೆಯಲ್ಲಿ. 230 ವೋಲ್ಟಿಗೆ 1000 ವಾಟ್ ಎಂದು ಬರೆದಿರುವ ಹೀಟರ್ ಕಾಯಿಲನ್ನು ತೆಗೆದುಕೊಳ್ಳೋಣ. ಅದರ ರೋಧ 230²/1000, ಅಂದರೆ 52.9 ಓಮ್. ಅದನ್ನು ಒಂದು ಥೈರಿಸ್ಟರಿನ ಮೂಲಕ ಮೇನ್ಸಿಗೆ ಸೇರಿಸಿ α ವನ್ನು 90°ಗೆ ಇಡೋಣ. ಕಾಯಿಲ್ ಬಿಸಿಯಾದಾಗ ರೋಧ ಸ್ವಲ್ಪ ಏರುವುದನ್ನೂ, ಥೈರಿಸ್ಟರಿನ ಮೇಲೆ ಉಳಿಯುವ ಸುಮಾರು ಒಂದೂವರೆ ವೋಲ್ಟನ್ನೂ ಇಲ್ಲಿ ಬಿಟ್ಟುಬಿಡಬಹುದು.

ಸರಾಸರಿ ವೋಲ್ಟೇಜ್ 51.8, ಸರಾಸರಿ ಕರೆಂಟ್ 0.98 ಆಂಪಿಯರ್. ಎರಡನ್ನೂ ಗುಣಿಸಿದರೆ ಸುಮಾರು 51 ವಾಟ್. ಈ ಅಂಕಿಯನ್ನು ಹೀಟರಿನ ಶಕ್ತಿ ಎಂದು ಬರೆದರೆ ಉತ್ತರ ಐದು ಪಟ್ಟು ತಪ್ಪು. ರೋಧಕದಲ್ಲಿ ಹುಟ್ಟುವ ಶಾಖ ವೋಲ್ಟೇಜಿನ ವರ್ಗವನ್ನು ಅನುಸರಿಸುತ್ತದೆಯಾದ್ದರಿಂದ ಇಲ್ಲಿ ಬೇಕಾದದ್ದು ಆರ್‌ಎಂಎಸ್ ಬೆಲೆ:

Vrms = (Vm/2) √[ (π − α)/π + (sin 2α)/2π ]

ಇದರಲ್ಲಿ α ವನ್ನು ರೇಡಿಯನ್ನಿನಲ್ಲಿ ಹಾಕಬೇಕು. 90°ಗೆ ಇದು 115 ವೋಲ್ಟ್ ಆಗುತ್ತದೆ, ಶಕ್ತಿ 115²/52.9, ಅಂದರೆ 250 ವಾಟ್. ಸೂತ್ರವಿಲ್ಲದೆಯೂ ಇದನ್ನು ಸರಿನೋಡಬಹುದು. ನೇರವಾಗಿ ಮೇನ್ಸಿಗೆ ಹಾಕಿದರೆ 1000 ವಾಟ್. ಒಂದು ಅರ್ಧಚಕ್ರ ಪೂರ್ತಿ ಹೋದರೆ 500. ಉಳಿದ ಅರ್ಧಚಕ್ರವನ್ನು ನಟ್ಟನಡುವೆ ಕತ್ತರಿಸಿದರೆ, ಎರಡೂ ಬದಿ ಒಂದೇ ರೀತಿಯವಾದ್ದರಿಂದ, 250. ಕರೆಂಟಿನ ಸರಾಸರಿ ಒಂದು ಆಂಪಿಯರಿಗಿಂತ ಕಡಿಮೆಯಿದ್ದರೂ ಫೈರಿಂಗಿನ ಕ್ಷಣದಲ್ಲಿ ಅದು ಸೊನ್ನೆಯಿಂದ 6 ಆಂಪಿಯರ್ ದಾಟಿ ಜಿಗಿಯುತ್ತದೆ. ಕಾಯಿಲ್, ಫ್ಯೂಸ್, ವೈರು ಎಲ್ಲವನ್ನೂ 2.17 ಆಂಪಿಯರ್ ಎಂಬ ಆರ್‌ಎಂಎಸ್ ಕರೆಂಟಿಗೆ ಆರಿಸಬೇಕೇ ಹೊರತು ಸರಾಸರಿಗಲ್ಲ. ಎಲೆಕ್ಟ್ರೋಪ್ಲೇಟಿಂಗಿಗೆ ಸರಾಸರಿಯೇ ಲೆಕ್ಕ; ಹೀಟರಿಗೆ ಆರ್‌ಎಂಎಸ್ಸೇ ಲೆಕ್ಕ.

ಇದೇ ಉದಾಹರಣೆ ಅರ್ಧ ತರಂಗದ ದೊಡ್ಡ ಕೊರತೆಯನ್ನೂ ತೋರಿಸುತ್ತದೆ. ಲೋಡಿನಲ್ಲಿ ಹರಿಯುವ 0.98 ಆಂಪಿಯರ್ ಏಕಮುಖ ಕರೆಂಟ್ ಸರಬರಾಜಿನಲ್ಲೂ ಹರಿಯಲೇಬೇಕು. ಮಧ್ಯೆ ಟ್ರಾನ್ಸ್‌ಫಾರ್ಮರ್ ಇದ್ದರೆ ಅದರ ಕೋರ್ ಒಂದೇ ದಿಕ್ಕಿಗೆ ಕಾಂತೀಕರಣಗೊಂಡು ಸ್ಯಾಚುರೇಟ್ ಆಗುತ್ತದೆ. ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ, ಬಿಸಿಯೇರುತ್ತದೆ. ಪ್ರಯೋಗಾಲಯದ ಹೊರಗೆ ಈ ಸರ್ಕಿಟ್ ಸಣ್ಣ ಲೋಡುಗಳಿಗಷ್ಟೇ ಸೀಮಿತವಾಗಿರುವುದು ಇದರಿಂದಲೇ.

ಪೂರ್ಣ ತರಂಗ, ಮತ್ತು ಬೆರೆತುಹೋಗುವ ಎರಡು ಸೂತ್ರಗಳು

ಬ್ರಿಜ್ ಕಟ್ಟಿ ಎರಡೂ ಅರ್ಧಚಕ್ರಗಳನ್ನು ಬಳಸಿಕೊಂಡರೆ ಸರಾಸರಿ ಸರಿಯಾಗಿ ಇಮ್ಮಡಿಯಾಗುತ್ತದೆ: Vdc = (Vm/π)(1 + cos α). ಸರಬರಾಜಿನಲ್ಲಿ ಏಕಮುಖ ಕರೆಂಟೂ ಉಳಿಯುವುದಿಲ್ಲ. ಪಠ್ಯಪುಸ್ತಕಗಳಲ್ಲಿ ಇದರ ಪಕ್ಕದಲ್ಲೇ Vdc = (2Vm/π) cos α ಎಂಬ ಇನ್ನೊಂದು ಸೂತ್ರ ಇರುತ್ತದೆ. ಅದು ಪೂರ್ಣ ನಿಯಂತ್ರಿತ ಬ್ರಿಜ್‌ಗೆ ದೊಡ್ಡ ಇಂಡಕ್ಟರ್ ಇರುವ ಲೋಡ್ ಹಾಕಿ, ಕರೆಂಟ್ ಎಲ್ಲೂ ಕಡಿಯದೆ ಹರಿಯುವಾಗ ಅನ್ವಯಿಸುವಂಥದ್ದು. α = 0°ಯಲ್ಲಿ ಎರಡೂ ಒಂದೇ ಉತ್ತರ ಕೊಡುವುದರಿಂದ ಗೊಂದಲ ಬೇಗ ಬಯಲಾಗುವುದಿಲ್ಲ. 90°ಯಲ್ಲಿ ನೋಡಿದರೆ ವ್ಯತ್ಯಾಸ ಸ್ಪಷ್ಟ: ಇಂಡಕ್ಟರ್ ಲೋಡಿನ ಸೂತ್ರ ಸೊನ್ನೆ ಎನ್ನುತ್ತದೆ, ರೋಧಕ ಲೋಡಿನ ಮೀಟರ್ 103.5 ವೋಲ್ಟ್ ತೋರಿಸುತ್ತದೆ. ರೋಧಕ ಲೋಡಿನಲ್ಲಿ ಸರಾಸರಿ ಎಂದೂ ಋಣವಾಗುವುದಿಲ್ಲ; α 180°ವರೆಗೂ ಬಳಕೆಗೆ ಬರುತ್ತದೆ.

ಪಲ್ಸ್ ಕೊಡುವ ಬಗೆ ಮತ್ತು ಅದರ ಮಿತಿ

ಗೇಟಿಗೆ ಮೇನ್ಸಿನಿಂದಲೇ ಒಂದು ರೋಧಕದ ಮೂಲಕ ಕರೆಂಟ್ ಕೊಡುವುದು ಅತಿ ಅಗ್ಗದ ದಾರಿ. ಆದರೆ ಅದರಿಂದ α 90° ದಾಟಿಸಲಾಗದು. ಗೇಟ್ ಕರೆಂಟೂ ವೋಲ್ಟೇಜಿನ ಜೊತೆಯಲ್ಲೇ ಏರಿ 90°ಯಲ್ಲಿ ಗರಿಷ್ಠವಾಗುತ್ತದೆ. ಅಷ್ಟರೊಳಗೆ ಥೈರಿಸ್ಟರ್ ಆನ್ ಆಗದಿದ್ದರೆ ಆ ಚಕ್ರದಲ್ಲಿ ಆಗುವುದೇ ಇಲ್ಲ. ಗುಬುಟು ತಿರುಗಿಸುತ್ತಾ ಹೋದಾಗ ವೋಲ್ಟೇಜ್ 52ರ ಹತ್ತಿರದಿಂದ ಒಮ್ಮೆಲೇ ಸೊನ್ನೆಗೆ ಬಿದ್ದರೆ ಕಾರಣ ಇದೇ. ಕೆಪಾಸಿಟರ್ ಸೇರಿಸಿ ವಿಳಂಬ ಹೆಚ್ಚಿಸಿದರೆ ಈ ಮಿತಿ ದಾಟಬಹುದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪವರ್ ಎಲೆಕ್ಟ್ರಾನಿಕ್ಸ್ ಪ್ರಯೋಗಗಳಲ್ಲಿ ಬರುವ ಯುಜೆಟಿ ಸರ್ಕಿಟ್ಟಿನಲ್ಲಿ ಕೆಪಾಸಿಟರ್ ಪ್ರತಿ ಅರ್ಧಚಕ್ರದ ಸೊನ್ನೆಯಿಂದ ಹೊಸದಾಗಿ ತುಂಬಿಕೊಳ್ಳುತ್ತದೆ, ಹೀಗಾಗಿ ಕೋನ ಚಕ್ರದಿಂದ ಚಕ್ರಕ್ಕೆ ಅಲುಗಾಡುವುದಿಲ್ಲ.

0° ಮತ್ತು 180°ಗಳ ತೀರಾ ಹತ್ತಿರ ಇನ್ನೊಂದು ತೊಡಕಿದೆ. ಅಲ್ಲಿ ಮೇನ್ಸಿನ ವೋಲ್ಟೇಜೇ ಕಡಿಮೆ, ಹಾಗಾಗಿ ಕರೆಂಟೂ ಕಡಿಮೆ. ಗೇಟ್ ಪಲ್ಸ್ ಮುಗಿಯುವುದರೊಳಗೆ ಕರೆಂಟ್ ಲ್ಯಾಚಿಂಗ್ ಮಟ್ಟ ಮುಟ್ಟದಿದ್ದರೆ ಥೈರಿಸ್ಟರ್ ಮತ್ತೆ ಆಫ್ ಆಗುತ್ತದೆ. ಚಿಕ್ಕ ಲೋಡಿನಲ್ಲಿ ಇದು ಹೆಚ್ಚು. ಪಲ್ಸನ್ನು ಅಗಲ ಮಾಡುವುದು ಅಥವಾ ಒಂದೇ ಪಲ್ಸಿನ ಬದಲು ಸಾಲಾಗಿ ಹಲವು ಪಲ್ಸ್ ಕಳಿಸುವುದು ಇದಕ್ಕೆ ಪರಿಹಾರ.

ದೋಷ ಗುರುತಿಸುವುದು

ಲೋಡಿಗೆ ಡಿಸಿ ವೋಲ್ಟ್‌ಮೀಟರ್ ಹಾಕಿದಾಗ ಅದು ತೋರಿಸುವುದು ಸೂತ್ರದಲ್ಲಿರುವ ಸರಾಸರಿಯನ್ನೇ. ಬ್ರಿಜ್‌ನಲ್ಲಿ ಆ ಅಂಕಿ ಇದ್ದಕ್ಕಿದ್ದಂತೆ ಅರ್ಧಕ್ಕೆ ಇಳಿದು, ಆಸಿಲೋಸ್ಕೋಪಿನಲ್ಲಿ ತುಣುಕುಗಳು 10ರ ಬದಲು 20 ಮಿಲಿಸೆಕೆಂಡಿಗೊಮ್ಮೆ ಬಂದರೆ ಒಂದು ಅರ್ಧಚಕ್ರಕ್ಕೆ ಫೈರಿಂಗ್ ಆಗುತ್ತಿಲ್ಲ ಎಂದರ್ಥ. ಅರ್ಧ ತರಂಗದ ಸರ್ಕಿಟ್ಟಿನಲ್ಲಿ ಮೀಟರ್ ಸೊನ್ನೆ ತೋರಿಸಿದರೆ ಎರಡು ಸಾಧ್ಯತೆಗಳಿವೆ. ಹೀಟರ್ ತಣ್ಣಗಿದ್ದರೆ ಗೇಟಿಗೆ ಪಲ್ಸ್ ಬರುತ್ತಿಲ್ಲ ಅಥವಾ ಸರ್ಕಿಟ್ ಎಲ್ಲೋ ಕಡಿದಿದೆ. ಹೀಟರ್ ಪೂರ್ತಿ 1000 ವಾಟಿನಲ್ಲಿ ಕೆಂಪಗೆ ಉರಿಯುತ್ತಿದ್ದರೆ ಥೈರಿಸ್ಟರ್ ಶಾರ್ಟ್ ಆಗಿದೆ. ಆಗ ಎರಡೂ ಅರ್ಧಚಕ್ರಗಳು ಹಾಗೆಯೇ ಲೋಡಿಗೆ ಹೋಗುತ್ತವೆ, ಪೂರ್ಣ ಸೈನ್ ತರಂಗದ ಸರಾಸರಿ ಸೊನ್ನೆ. ಮೀಟರಿನಲ್ಲಿ ಸೊನ್ನೆ ಕಂಡ ಮಾತ್ರಕ್ಕೆ ಸರ್ಕಿಟ್ಟನ್ನು ಮುಟ್ಟಬಾರದು. ಮೊದಲು ಮೇನ್ಸ್ ಸ್ವಿಚ್ ಆಫ್ ಮಾಡಿ, ಪ್ಲಗ್ ಕಳಚಿ, ಆಮೇಲೆ ಥೈರಿಸ್ಟರಿನ ಆನೋಡ್ ಮತ್ತು ಕ್ಯಾಥೋಡ್ ನಡುವಿನ ರೋಧವನ್ನು ಅಳೆಯಿರಿ.