ನಲ್ಲಿ ಮತ್ತು ಶವರ್‌ಗಳ ಮೇಲಿನ ಸುಣ್ಣದ ಪೊರೆ

ಸುಣ್ಣದ ಪೊರೆ ಎಂಬುದು ಗಡಸು ನೀರು ಹರಿಯುವ ನಲ್ಲಿ, ಶವರ್, ಬಕೆಟ್ ಹಾಗೂ ಗೀಸರ್‌ಗಳಲ್ಲಿ ಕಟ್ಟಿಕೊಳ್ಳುವ ಬಿಳಿಯ ಅಥವಾ ಬೂದು ಬಣ್ಣದ ಗಟ್ಟಿ ಪದರ. ಇದರ ಮುಖ್ಯ ಘಟಕ ಕ್ಯಾಲ್ಸಿಯಂ ಕಾರ್ಬೋನೇಟ್. ಆಡುಮಾತಿನಲ್ಲಿ ಇದನ್ನು ಉಪ್ಪಿನ ಕರೆ ಎನ್ನುವುದುಂಟು. ಆದರೆ ಅಡುಗೆ ಉಪ್ಪು ನೀರಿನಲ್ಲಿ ಕರಗುತ್ತದೆ, ಈ ಪೊರೆ ಕರಗುವುದಿಲ್ಲ. ದುರ್ಬಲ ಆಮ್ಲಗಳಿಂದ ಇದನ್ನು ಸುಲಭವಾಗಿ ತೆಗೆಯಬಹುದು. ಪೊರೆ ಕಟ್ಟದಂತೆ ತಡೆಯಲು ಮಾರುಕಟ್ಟೆಯಲ್ಲಿ ನೀರು ಮೃದುಕಾರಕ ಯಂತ್ರಗಳು ದೊರೆಯುತ್ತವೆ. ಇವುಗಳಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ ಎಂಬುದನ್ನು ನೀರಿನ ಗಡಸುತನ, ಬಳಸುವ ನೀರಿನ ಪ್ರಮಾಣ ಮತ್ತು ಯಂತ್ರದಲ್ಲಿರುವ ರಾಳದ ಪ್ರಮಾಣ ಎಂಬ ಮೂರು ಅಂಶಗಳಿಂದ ಲೆಕ್ಕ ಹಾಕಬಹುದು.

## ಪೊರೆ ಕಟ್ಟುವ ಬಗೆ

ಮಳೆಯ ನೀರು ಮಣ್ಣಿನ ಮೂಲಕ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಆಮ್ಲೀಯವಾಗುತ್ತದೆ. ಈ ನೀರು ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಂಶಗಳನ್ನು ಬೈಕಾರ್ಬೋನೇಟ್ ರೂಪದಲ್ಲಿ ಕರಗಿಸಿಕೊಳ್ಳುತ್ತದೆ. ನೀರು ಕಾದಾಗ ಅಥವಾ ಗಾಳಿಗೆ ತೆರೆದುಕೊಂಡು ಆರಿದಾಗ ಇಂಗಾಲದ ಡೈಆಕ್ಸೈಡ್ ಹೊರಹೋಗಿ, ಕರಗದ ಕಾರ್ಬೋನೇಟ್ ಉಳಿಯುತ್ತದೆ:

Ca(HCO₃)₂ → CaCO₃ + H₂O + CO₂

ಕುದಿಸುವುದರಿಂದ ಹೋಗುವ ಈ ಬಗೆಯ ಗಡಸುತನವನ್ನು ಶಾಲಾ ಪಠ್ಯಗಳಲ್ಲಿ ತಾತ್ಕಾಲಿಕ ಗಡಸುತನ ಎಂದು ಕರೆಯಲಾಗಿದೆ. ಸಲ್ಫೇಟ್ ಮತ್ತು ಕ್ಲೋರೈಡ್‌ಗಳಿಂದ ಉಂಟಾಗುವ ಗಡಸುತನ ಕುದಿಸಿದರೆ ಹೋಗದ ಕಾರಣ ಅದಕ್ಕೆ ಶಾಶ್ವತ ಗಡಸುತನ ಎಂಬ ಹೆಸರಿದೆ.

ಪೊರೆ ಕಟ್ಟುವುದು ಹರಿಯುವ ನೀರಿನಿಂದಲ್ಲ, ನಿಂತು ಆರುವ ಹನಿಯಿಂದ. ಆದುದರಿಂದಲೇ ಅದು ನಲ್ಲಿಯ ಬಾಯಿಯಲ್ಲಿ, ಅಲ್ಲಿನ ಜಾಲರಿಯಲ್ಲಿ ಮತ್ತು ಶವರ್‌ನ ಸಣ್ಣ ರಂಧ್ರಗಳಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ಶವರ್‌ನಿಂದ ಬರುವ ನೀರಿನ ಎಳೆಗಳು ಅಡ್ಡಾದಿಡ್ಡಿಯಾಗಿ ಚಿಮ್ಮುವುದು, ನಲ್ಲಿಯ ನೀರು ಒಂದು ಬದಿಗೆ ವಾಲಿ ಬೀಳುವುದು ಇದರ ಮೊದಲ ಲಕ್ಷಣಗಳು.

## ಗಡಸುತನದ ಅಳತೆ

ಗಡಸುತನವನ್ನು ಒಂದು ಲೀಟರ್ ನೀರಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೋನೇಟಿಗೆ ಸಮನಾದ ಮಿಲಿಗ್ರಾಂಗಳಲ್ಲಿ ಹೇಳಲಾಗುತ್ತದೆ. ಕುಡಿಯುವ ನೀರಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 10500 (2012) ಪ್ರಕಾರ ಅಪೇಕ್ಷಣೀಯ ಮಿತಿ 200 ಮಿಲಿಗ್ರಾಂ. ಬೇರೆ ನೀರಿನ ಮೂಲವಿಲ್ಲದಿದ್ದಲ್ಲಿ 600 ಮಿಲಿಗ್ರಾಂವರೆಗೆ ಒಪ್ಪಬಹುದು.

ಬೆಂಗಳೂರಿನಲ್ಲಿ ಕಾವೇರಿ ನೀರು ಹೋಲಿಕೆಯಲ್ಲಿ ಮೃದುವಾಗಿದ್ದು, ಕೊಳವೆಬಾವಿಯ ನೀರು ಸಾಮಾನ್ಯವಾಗಿ ಗಡಸಾಗಿರುತ್ತದೆ. ಅನೇಕ ಮನೆಗಳ ಸಂಪಿನಲ್ಲಿ ಕಾವೇರಿ, ಕೊಳವೆಬಾವಿ ಮತ್ತು ಟ್ಯಾಂಕರ್ ನೀರು ಬೆರೆಯುವುದರಿಂದ ಒಂದೇ ನಲ್ಲಿಯ ನೀರಿನ ಗಡಸುತನ ವಾರದಿಂದ ವಾರಕ್ಕೆ ಬದಲಾಗಬಹುದು. ಆದ್ದರಿಂದ ಒಂದು ಸಲದ ಪರೀಕ್ಷೆ ಸಾಲದು. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದ ನಂತರ ಒಮ್ಮೆ ಅಳೆಯುವುದು ಸೂಕ್ತ. ಹನಿ ಎಣಿಸಿ ಬಣ್ಣ ಬದಲಾಗುವುದನ್ನು ನೋಡುವ ಪರೀಕ್ಷಾ ಕಿಟ್ ಮನೆಬಳಕೆಗೆ ಸಾಕಾಗುತ್ತದೆ. ನೀರಿನಲ್ಲಿ ಕರಗಿರುವ ಒಟ್ಟು ಲವಣಗಳನ್ನು ತೋರಿಸುವ ಟಿಡಿಎಸ್ ಮಾಪಕ ಗಡಸುತನವನ್ನು ಪ್ರತ್ಯೇಕವಾಗಿ ತೋರಿಸುವುದಿಲ್ಲ.

## ಪೊರೆ ತೆಗೆಯುವ ಸುರಕ್ಷಿತ ಕ್ರಮ

ಅಂಗಡಿಯಲ್ಲಿ ದೊರೆಯುವ ಬಿಳಿ ವಿನೆಗರ್‌ನಲ್ಲಿ ಸುಮಾರು ಶೇ. 4ರಷ್ಟು ಅಸಿಟಿಕ್ ಆಮ್ಲ ಇರುತ್ತದೆ. ಒಂದು ಗ್ರಾಂ ಪೊರೆಯನ್ನು ಕರಗಿಸಲು ಲೆಕ್ಕದ ಪ್ರಕಾರ ಇಂತಹ ವಿನೆಗರ್ 30 ಮಿಲಿಲೀಟರ್ ಬೇಕು. 500 ಮಿಲಿಗ್ರಾಂ ಗಡಸುತನದ ನೀರಿರುವ ಮನೆಯಲ್ಲಿ ದಿನಕ್ಕೆ ನಾಲ್ಕು ಬಾರಿ ಶವರ್ ಬಳಸಿ, ಪ್ರತಿ ಬಾರಿ 10 ಮಿಲಿಲೀಟರ್ ನೀರು ಅದರಲ್ಲೇ ಉಳಿದು ಆರಿತೆಂದು ಭಾವಿಸಿದರೆ, ದಿನಕ್ಕೆ ಹೆಚ್ಚೆಂದರೆ 20 ಮಿಲಿಗ್ರಾಂ, ವರ್ಷಕ್ಕೆ ಸುಮಾರು 7 ಗ್ರಾಂ ಪೊರೆ ಕಟ್ಟುತ್ತದೆ. ಇಡೀ ವರ್ಷದ ಈ ಪೊರೆಗೆ ಸುಮಾರು 220 ಮಿಲಿಲೀಟರ್ ವಿನೆಗರ್ ಸಾಕು. ಹೀಗಾಗಿ ಬಲವಾದ ಆಮ್ಲದ ಅಗತ್ಯವೇ ಬೀಳುವುದಿಲ್ಲ.

ಕ್ರಮ ಹೀಗಿದೆ:

1. ಬಿಚ್ಚಲು ಬರುವ ಶವರ್ ತಲೆಯನ್ನು ಬಿಚ್ಚಿ ಪ್ಲಾಸ್ಟಿಕ್ ಪಾತ್ರೆಯಲ್ಲಿಟ್ಟು, ರಂಧ್ರಗಳು ಮುಳುಗುವಷ್ಟು ವಿನೆಗರ್ ಹಾಕಬೇಕು. ಬಿಚ್ಚಲು ಬಾರದಿದ್ದರೆ ವಿನೆಗರ್ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಅದಕ್ಕೆ ತೊಡಿಸಿ ರಬ್ಬರ್ ಬ್ಯಾಂಡಿನಿಂದ ಬಿಗಿಯಬೇಕು.
2. ನಲ್ಲಿಯ ಬಾಯಿಯಲ್ಲಿರುವ ಜಾಲರಿಗೆ ಬಟ್ಟೆ ಸುತ್ತಿ ಇಕ್ಕಳದಿಂದ ತಿರುಗಿಸಿ ತೆಗೆಯಬೇಕು. ಅದರ ಬಿಡಿಭಾಗಗಳು ಯಾವ ಕ್ರಮದಲ್ಲಿದ್ದವು ಎಂಬುದನ್ನು ಗಮನಿಸಿಟ್ಟುಕೊಂಡು ವಿನೆಗರ್‌ನಲ್ಲಿ ನೆನೆಹಾಕಬೇಕು.
3. ಅರ್ಧ ಗಂಟೆಯ ನಂತರ ನೋಡಬೇಕು. ಗುಳ್ಳೆಗಳು ಏಳುತ್ತಿದ್ದರೆ ಪೊರೆ ಇನ್ನೂ ಕರಗುತ್ತಿದೆ ಎಂದರ್ಥ. ಗುಳ್ಳೆ ನಿಂತು ಪೊರೆ ಉಳಿದಿದ್ದರೆ ಆಮ್ಲ ಮುಗಿದಿರಬಹುದು. ಹೊಸ ವಿನೆಗರ್ ಹಾಕಬೇಕು. ರಾತ್ರಿಯಿಡೀ ನೆನೆಯಲು ಬಿಡಬಾರದು.
4. ಮೆತ್ತಗಾದ ಪೊರೆಯನ್ನು ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಬೇಕು. ರಬ್ಬರ್ ರಂಧ್ರಗಳನ್ನು ಹೆಬ್ಬೆರಳಿನಿಂದ ತಿಕ್ಕಿದರೆ ಸಾಕು. ಸೂಜಿಯಿಂದ ಚುಚ್ಚಿದರೆ ರಂಧ್ರ ಹಿಗ್ಗಿ ನೀರಿನ ಎಳೆ ಶಾಶ್ವತವಾಗಿ ಸೊಟ್ಟಗಾಗುತ್ತದೆ.
5. ಚೆನ್ನಾಗಿ ತೊಳೆದು, ಮತ್ತೆ ಜೋಡಿಸಿ, ಒಂದು ನಿಮಿಷ ನೀರು ಹರಿಯಬಿಡಬೇಕು.

ವಿನೆಗರ್‌ಗೆ ಬದಲಾಗಿ ಕಾಲು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಬೆರೆಸಿ ಬಳಸಬಹುದು. ಇದಕ್ಕೆ ಘಾಟು ವಾಸನೆಯಿಲ್ಲ. ಆದರೆ ಈ ದ್ರಾವಣವನ್ನು ಬಿಸಿ ಮಾಡಬಾರದು. ಕ್ಯಾಲ್ಸಿಯಂ ಸಿಟ್ರೇಟ್ ಬಿಸಿ ನೀರಿನಲ್ಲಿ ಇನ್ನೂ ಕಡಿಮೆ ಕರಗುವುದರಿಂದ ಬಿಳಿಯ ಗಷ್ಟು ಹೊಸದಾಗಿ ಕೂರುತ್ತದೆ. ಹಿತ್ತಾಳೆ ಪಾತ್ರೆಗಳನ್ನು ಬೆಳಗುವ ಹುಣಸೆಹಣ್ಣು ಈ ಕೆಲಸಕ್ಕೆ ಅಷ್ಟು ಒದಗುವುದಿಲ್ಲ. ಅದರಲ್ಲಿರುವ ಟಾರ್ಟಾರಿಕ್ ಆಮ್ಲ ಕ್ಯಾಲ್ಸಿಯಂನೊಡನೆ ಕೂಡಿ ನೀರಿನಲ್ಲಿ ಸುಲಭವಾಗಿ ಕರಗದ ಲವಣವನ್ನು ಉಂಟುಮಾಡುತ್ತದೆ.

ವಿನೆಗರ್ ಹಾಕಿದೊಡನೆ ಗುಳ್ಳೆಯೇ ಏಳದಿದ್ದರೆ ಆ ಕಲೆ ಬಹುಶಃ ಸುಣ್ಣದ್ದಲ್ಲ. ಕಂದು ಬಣ್ಣದ ಕಲೆ ಕಬ್ಬಿಣದ್ದಾಗಿರಬಹುದು; ಗಾಜಿನಂತೆ ಅಂಟಿಕೊಂಡ ಮಬ್ಬು ಪದರ ಸಿಲಿಕಾದ್ದಾಗಿರಬಹುದು. ಸಿಲಿಕಾ ವಿನೆಗರ್‌ಗೆ ಕರಗುವುದಿಲ್ಲ.

## ಎಚ್ಚರಿಕೆಗಳು

ಸ್ನಾನಗೃಹ ತೊಳೆಯಲು ಮಾರುವ ಹೈಡ್ರೋಕ್ಲೋರಿಕ್ ಆಮ್ಲ ಪೊರೆಯನ್ನು ಕ್ಷಣದಲ್ಲಿ ಕರಗಿಸುತ್ತದೆ. ಅದರೊಂದಿಗೆ ನಲ್ಲಿಯ ಹೊಳಪನ್ನೂ ಕರಗಿಸುತ್ತದೆ. ನಲ್ಲಿಯ ಮೇಲಿನ ಕ್ರೋಮಿಯಂ ಲೇಪನ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ತೆಳುವಾಗಿರುತ್ತದೆ. ಅದು ಹೋದ ಮೇಲೆ ಮೊದಲಿನ ಹೊಳಪು ಮರಳುವುದಿಲ್ಲ. ಚಿನ್ನದ ಬಣ್ಣದ, ಕಪ್ಪು ಬಣ್ಣದ ಲೇಪನಗಳಿಗೆ ವಿನೆಗರ್ ಕೂಡ ಹಾನಿ ಮಾಡಬಹುದಾದ್ದರಿಂದ ಅವುಗಳನ್ನು ಸಾಬೂನು ನೀರು ಮತ್ತು ಮೆತ್ತನೆಯ ಬಟ್ಟೆಯಿಂದ ಮಾತ್ರ ಒರೆಸಬೇಕು.

ಆಮ್ಲ ಯಾವುದೇ ಇರಲಿ, ಅದನ್ನು ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ದ್ರಾವಣದೊಂದಿಗೆ ಬೆರೆಸಬಾರದು. ಬೆರೆಸಿದರೆ ವಿಷಕಾರಿಯಾದ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಕಿಟಕಿ ಮುಚ್ಚಿದ ಸಣ್ಣ ಸ್ನಾನಗೃಹದಲ್ಲಿ ಇದು ಪ್ರಾಣಾಪಾಯಕ್ಕೂ ದಾರಿಯಾಗಬಲ್ಲದು. ಒಂದರ ನಂತರ ಇನ್ನೊಂದನ್ನು ಅದೇ ದಿನ ಅದೇ ನೆಲದ ಮೇಲೆ ಬಳಸದಿರುವುದು ಒಳಿತು.

ನೆಲದ ಕಲ್ಲನ್ನೂ ಗಮನಿಸಬೇಕು. ಅಮೃತಶಿಲೆ, ಕಡಪ ಕಲ್ಲು ಮತ್ತು ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ಇವೆಲ್ಲವೂ ಬಹುಪಾಲು ಕ್ಯಾಲ್ಸಿಯಂ ಕಾರ್ಬೋನೇಟೇ ಆಗಿವೆ. ಪೊರೆಯನ್ನು ಕರಗಿಸುವ ಆಮ್ಲ ಇವುಗಳನ್ನೂ ತಿನ್ನುತ್ತದೆ. ಇಂತಹ ಕಲ್ಲಿನ ಮೇಲೆ ಚೆಲ್ಲಿದ ವಿನೆಗರನ್ನು ಕೂಡಲೇ ನೀರು ಹಾಕಿ ತೊಳೆಯಬೇಕು.

## ಮೃದುಕಾರಕ ಯಂತ್ರಗಳು

ನಿಜವಾದ ಮೃದುಕಾರಕ ಕೆಲಸ ಮಾಡುವುದು ಅಯಾನು ವಿನಿಮಯದಿಂದ. ಯಂತ್ರದೊಳಗಿನ ರಾಳದ ಮಣಿಗಳು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಯಾನುಗಳನ್ನು ಹಿಡಿದುಕೊಂಡು ಸೋಡಿಯಂ ಅಯಾನುಗಳನ್ನು ಬಿಡುತ್ತವೆ. ರಾಳ ತುಂಬಿಹೋದಾಗ ಅದರ ಮೂಲಕ ಉಪ್ಪುನೀರು ಹರಿಸಿ ಮತ್ತೆ ಸಿದ್ಧಗೊಳಿಸಬೇಕು. ಒಂದು ಲೀಟರ್ ರಾಳ ಒಂದು ಸುತ್ತಿನಲ್ಲಿ ಸುಮಾರು 50 ಗ್ರಾಂ ಗಡಸುತನವನ್ನು ಹಿಡಿಯಬಲ್ಲದು.

### ನಲ್ಲಿಗೆ ಸಿಕ್ಕಿಸುವ ಸಾಧನಗಳು

ಶವರ್ ಅಥವಾ ನಲ್ಲಿಗೆ ನೇರವಾಗಿ ಸಿಕ್ಕಿಸುವ ಸಣ್ಣ ಸಾಧನದಲ್ಲಿ 300 ಮಿಲಿಲೀಟರ್ ರಾಳ ಇದೆಯೆಂದು ಭಾವಿಸಿದರೆ ಅದು ಹಿಡಿಯುವುದು 15 ಗ್ರಾಂ. 500 ಮಿಲಿಗ್ರಾಂ ಗಡಸುತನದ ನೀರಾದರೆ 30 ಲೀಟರಿಗೆ, ಅಂದರೆ ಎರಡು ಬಕೆಟ್ ನೀರಿಗೆ, ಅದರ ಸಾಮರ್ಥ್ಯ ಮುಗಿಯುತ್ತದೆ. ತಿಂಗಳುಗಟ್ಟಲೆ ನೀರನ್ನು ಮೃದುಗೊಳಿಸುವುದಾಗಿ ಹೇಳಿಕೊಳ್ಳುವ ಸಣ್ಣ ಸಾಧನಗಳನ್ನು ಈ ಲೆಕ್ಕದಿಂದಲೇ ಅಳೆಯಬಹುದು. ಇಂತಹ ಕೆಲವು ಸಾಧನಗಳಲ್ಲಿ ರಾಳದ ಬದಲು ಪಾಲಿಫಾಸ್ಫೇಟ್ ಹರಳುಗಳಿರುತ್ತವೆ. ಅವು ಗಡಸುತನವನ್ನು ತೆಗೆಯುವುದಿಲ್ಲ, ಪೊರೆ ಗಟ್ಟಿಯಾಗುವುದನ್ನು ತಡಮಾಡುತ್ತವೆ ಅಷ್ಟೇ. ಪೈಪಿಗೆ ಕಟ್ಟುವ ಆಯಸ್ಕಾಂತಗಳೂ ನೀರಿನಿಂದ ಕ್ಯಾಲ್ಸಿಯಂ ತೆಗೆಯುವುದಿಲ್ಲ; ಅವು ಪೊರೆಯನ್ನು ತಡೆಯುತ್ತವೆ ಎಂಬುದಕ್ಕೆ ಖಚಿತ ಆಧಾರ ದೊರೆತಿಲ್ಲ.

### ಇಡೀ ಮನೆಯ ಯಂತ್ರ

ನಗರಗಳ ನೀರು ಸರಬರಾಜು ಯೋಜನೆಗಳಲ್ಲಿ ಬಳಸುವ ತಲಾ 135 ಲೀಟರ್ ಅಳತೆಯಂತೆ ನಾಲ್ವರ ಕುಟುಂಬ ದಿನಕ್ಕೆ 540 ಲೀಟರ್ ನೀರು ಬಳಸುತ್ತದೆ. ಗಡಸುತನ 500 ಮಿಲಿಗ್ರಾಂ ಇದ್ದರೆ ದಿನಕ್ಕೆ 270 ಗ್ರಾಂ ತೆಗೆಯಬೇಕಾಗುತ್ತದೆ. 20 ಲೀಟರ್ ರಾಳವಿರುವ ಯಂತ್ರ ಮೂರೂವರೆ ದಿನಕ್ಕೊಮ್ಮೆ ತುಂಬುತ್ತದೆ. ಪ್ರತಿ ಸಲವೂ ಎರಡರಿಂದ ಮೂರು ಕಿಲೋ ಉಪ್ಪು ಬೇಕಾಗುವುದರಿಂದ ತಿಂಗಳಿಗೆ 16ರಿಂದ 24 ಕಿಲೋ ಉಪ್ಪು ಖರ್ಚಾಗುತ್ತದೆ. ಈ ಉಪ್ಪುನೀರು ಮತ್ತು ರಾಳ ತೊಳೆದ ನೀರು ಚರಂಡಿಗೆ ಹೋಗಬೇಕು. ತೋಟಕ್ಕೆ ಬಿಟ್ಟರೆ ಮಣ್ಣು ಕೆಡುತ್ತದೆ.

ಹೀಗೆ ಮೃದುಗೊಳಿಸಿದ ಪ್ರತಿ ಲೀಟರ್ ನೀರಿಗೆ ಸುಮಾರು 230 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆಯಿಂದ ಉಪ್ಪು ಕಡಿಮೆ ಮಾಡಬೇಕಾದವರಿಗೆ ಇದು ಗಣನೀಯ ಪ್ರಮಾಣ. ಆದ್ದರಿಂದ ಕುಡಿಯುವ ಮತ್ತು ಅಡುಗೆಯ ನೀರಿನ ಪೈಪನ್ನು ಯಂತ್ರಕ್ಕೆ ಸೇರಿಸದೆ ಪ್ರತ್ಯೇಕವಾಗಿ ಇಡಲಾಗುತ್ತದೆ.

## ಕೊಳ್ಳುವ ನಿರ್ಧಾರ

ತೊಂದರೆ ನಲ್ಲಿ ಮತ್ತು ಶವರ್‌ಗಳಿಗಷ್ಟೇ ಸೀಮಿತವಾಗಿದ್ದರೆ ಯಂತ್ರ ಕೊಳ್ಳುವುದು ಲಾಭಕರವಲ್ಲ. ತಿಂಗಳಿಗೊಮ್ಮೆ ಅರ್ಧ ಗಂಟೆ ನೆನೆಹಾಕುವುದು ಮತ್ತು ಸ್ನಾನದ ನಂತರ ನಲ್ಲಿಯನ್ನು ಒಣಬಟ್ಟೆಯಿಂದ ಒರೆಸುವುದು ಸಾಕು. ಕಾವೇರಿ ನೀರೇ ಬಹುಪಾಲು ಬರುವ ಮನೆಗಳಿಗೂ ಅದು ಅನಗತ್ಯ.

ಹೆಚ್ಚಿನ ನಷ್ಟ ಉಂಟಾಗುವುದು ನೀರು ಕಾಯುವಲ್ಲಿ. ಗೀಸರ್‌ನ ಕಾಯಿಲ್ ಮೇಲೆ ಪೊರೆ ದಪ್ಪವಾದಾಗ ಶಾಖ ನೀರಿಗೆ ಸರಿಯಾಗಿ ದಾಟದೆ ಕಾಯಿಲ್ ಅತಿಯಾಗಿ ಕಾದು ಸುಟ್ಟುಹೋಗುತ್ತದೆ. ಸೌರ ನೀರುಕಾಯಿಸುವ ಸಾಧನದ ಕೊಳವೆಗಳಲ್ಲಿಯೂ ಪೊರೆ ತುಂಬುತ್ತದೆ. ವರ್ಷವಿಡೀ ಕೊಳವೆಬಾವಿ ಅಥವಾ ಟ್ಯಾಂಕರ್ ನೀರನ್ನೇ ನೆಚ್ಚಿಕೊಂಡು, ಕಾಯಿಲ್‌ಗಳನ್ನು ಪದೇ ಪದೇ ಬದಲಾಯಿಸಬೇಕಾಗಿ ಬರುವ ಮನೆಗೆ ಯಂತ್ರ ಪ್ರಯೋಜನಕಾರಿ. ಅಂತಹಲ್ಲಿಯೂ ಅದನ್ನು ಸ್ನಾನಗೃಹ, ಗೀಸರ್ ಮತ್ತು ಬಟ್ಟೆ ತೊಳೆಯುವ ಯಂತ್ರದ ಪೈಪಿಗೆ ಮಾತ್ರ ಜೋಡಿಸಿದರೆ ಉಪ್ಪಿನ ಖರ್ಚು ಬಹಳಷ್ಟು ತಗ್ಗುತ್ತದೆ. ಕೊಳ್ಳುವ ಮುನ್ನ ನೀರಿನ ಗಡಸುತನ, ಯಂತ್ರದಲ್ಲಿರುವ ರಾಳದ ಲೀಟರ್ ಪ್ರಮಾಣ ಮತ್ತು ಪ್ರತಿ ಸುತ್ತಿಗೆ ಬೇಕಾಗುವ ಉಪ್ಪಿನ ತೂಕ ಈ ಮೂರನ್ನು ಕೇಳಿ ತಿಳಿದು, ಮೇಲಿನಂತೆ ಲೆಕ್ಕ ಹಾಕಬಹುದು. ಯಂತ್ರ ಅಳವಡಿಸಿದ ಮೇಲೆ ಕಿಟ್‌ನಿಂದ ಆಗಾಗ ಪರೀಕ್ಷಿಸುತ್ತಿದ್ದರೆ ರಾಳ ತುಂಬಿದ್ದು ತಿಳಿಯುತ್ತದೆ. ಸಾಬೂನಿಗೆ ನೊರೆ ಬರುವುದು ಕಡಿಮೆಯಾಗುವುದೂ ಅದೇ ಸೂಚನೆ.