ಚೀಟಿ ಲೆಕ್ಕ ಸರಿಯಿದೆಯಾ? ಪ್ರತಿ ತಿಂಗಳು ಒಂದೇ ಸಾಲಿನಲ್ಲಿ ನೋಡಿ

ಪೀಣ್ಯ: ಪೀಣ್ಯ, ದಾಸರಹಳ್ಳಿ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಸಂಬಳದವರೂ ಅಂಗಡಿಯವರೂ ಚೀಟಿ ಹಾಕುವುದು ಸಾಮಾನ್ಯ. ಕಂತು ಕಟ್ಟಿದ್ದು ಎಲ್ಲರಿಗೂ ನೆನಪಿರುತ್ತದೆ. ಆದರೆ ಕೂಗಿನಲ್ಲಿ ಬಿಟ್ಟ ಹಣ ಎಲ್ಲಿಗೆ ಹೋಯಿತು, ತಮ್ಮ ಪಾಲು ಎಷ್ಟು ಬರಬೇಕಿತ್ತು ಅಂತ ಲೆಕ್ಕ ಹಾಕುವವರು ಕಡಿಮೆ. ಇದಕ್ಕೆ ದೊಡ್ಡ ಲೆಕ್ಕಪತ್ರ ಜ್ಞಾನ ಬೇಕಿಲ್ಲ. ಬಂದ ಹಣ ಮತ್ತು ಹೋದ ಹಣ ಸಮ ಇದೆಯಾ ಅಂತ ನೋಡಿದರೆ ಸಾಕು.

ಒಂದು ಉದಾಹರಣೆ

20 ಜನ, 20 ತಿಂಗಳು, ತಿಂಗಳಿಗೆ 5,000 ರೂಪಾಯಿಯ ಚೀಟಿ ಇದೆ ಎಂದುಕೊಳ್ಳಿ. ಚೀಟಿ ಮೊತ್ತ 1 ಲಕ್ಷ. ಚೀಟಿ ನಡೆಸುವವರ (ಫೋರ್‌ಮನ್) ಕಮಿಷನ್ ಶೇ 5, ಅಂದರೆ 5,000 ರೂಪಾಯಿ. ಈ ಕಮಿಷನ್ ಲೆಕ್ಕ ಹಾಕುವುದು ಪೂರ್ತಿ ಚೀಟಿ ಮೊತ್ತದ ಮೇಲೆ.

ಒಂದು ತಿಂಗಳ ಕೂಗಿನಲ್ಲಿ ಒಬ್ಬರು 25,000 ಬಿಟ್ಟು ಚೀಟಿ ಎತ್ತಿದರು. ಅವರ ಕೈಗೆ ಸಿಗುವುದು 75,000. ಬಿಟ್ಟ 25,000ದಲ್ಲಿ ಮೊದಲು ಕಮಿಷನ್ 5,000 ತೆಗೆಯಬೇಕು. ಉಳಿದ 20,000ವನ್ನು 20 ಜನಕ್ಕೆ ಹಂಚಿದರೆ ತಲೆಗೆ 1,000. ಇದೇ ಲಾಭಾಂಶ. ಆ ತಿಂಗಳು ಪ್ರತಿಯೊಬ್ಬರೂ ಕಟ್ಟಬೇಕಾದ್ದು 4,000.

ಈಗ ತಾಳೆ ನೋಡಿ. 20 ಜನ ತಲಾ 4,000 ಕಟ್ಟಿದರೆ 80,000 ಬಂತು. ಚೀಟಿ ಎತ್ತಿದವರಿಗೆ 75,000, ಕಮಿಷನ್ 5,000, ಒಟ್ಟು 80,000 ಹೋಯಿತು. ಎರಡೂ ಸಮ. ಅಂದರೆ ಲೆಕ್ಕ ಸರಿ.

ಕೆಲವು ಕಡೆ ಲಾಭಾಂಶವನ್ನು ಅದೇ ತಿಂಗಳಲ್ಲಿ ಕಳೆಯದೆ ಮುಂದಿನ ಕಂತಿನಲ್ಲಿ ಕಳೆಯುತ್ತಾರೆ. ಅಲ್ಲಿ ಹಿಂದಿನ ಕೂಗಿನ ಲಾಭಾಂಶಕ್ಕೂ ಈ ತಿಂಗಳ ಕಂತಿಗೂ ಹೋಲಿಸಿ. ಯಾವ ಪದ್ಧತಿ ಎಂಬುದು ಚೀಟಿ ಒಪ್ಪಂದದಲ್ಲಿ ಇರಬೇಕು.

ಎಲ್ಲಿ ಸೋರುತ್ತದೆ

ಸೋರಿಕೆ ಹೆಚ್ಚಾಗಿ ಸಣ್ಣ ಮೊತ್ತದಲ್ಲಿ ಆಗುತ್ತದೆ, ಅದಕ್ಕೇ ಕಣ್ಣಿಗೆ ಬೀಳಲ್ಲ. ಇನ್ನೊಂದು ತಿಂಗಳು 14,000 ಬಿಟ್ಟು ಕೂಗಾಯಿತು ಅನ್ನಿ. ಕಮಿಷನ್ ಹೋಗಿ 9,000 ಉಳಿಯಿತು, ತಲೆಗೆ 450 ಬರಬೇಕು. ಪುಸ್ತಕದಲ್ಲಿ 400 ಅಂತ ಬರೆದಿದ್ದರೆ? ಒಬ್ಬರಿಗೆ 50 ರೂಪಾಯಿ ಅಂತ ಯಾರೂ ಕೇಳಲ್ಲ. ಆದರೆ ತಲಾ 4,600ರಂತೆ 92,000 ಬಂದಿರುತ್ತದೆ. ಚೀಟಿ ಎತ್ತಿದವರಿಗೆ 86,000, ಕಮಿಷನ್ 5,000 ಸೇರಿ ಹೋಗಿದ್ದು 91,000. ಉಳಿದ 1,000ಕ್ಕೆ ಪುಸ್ತಕದಲ್ಲಿ ಜಾಗವೇ ಇಲ್ಲ.

ಹಂಚಿಕೆಯಲ್ಲೂ ಗೊಂದಲ ಇರುತ್ತದೆ. 'ಚೀಟಿ ಎತ್ತಿದವರಿಗೆ ಲಾಭಾಂಶ ಇಲ್ಲ' ಅಂತ ಕೆಲವರು ಹೇಳುತ್ತಾರೆ. ಒಪ್ಪಂದದಲ್ಲಿ ಹಾಗೆ ಇಲ್ಲದಿದ್ದರೆ ಕಂತು ಸರಿಯಾಗಿ ಕಟ್ಟುವ ಎಲ್ಲರಿಗೂ ಪಾಲಿದೆ. ಎತ್ತಿದವರಿಗೆ ಕೊಡುವುದಿಲ್ಲವಾದರೆ ಆ ಹಣ ಎತ್ತದವರ ಪಾಲಿಗೆ ಸೇರಿದೆಯಾ, ಇಲ್ಲ ಫೋರ್‌ಮನ್ ಕಡೆಗೆ ಹೋಗಿದೆಯಾ ಎಂದು ಕೇಳಬೇಕು. ಒಪ್ಪಂದದಂತೆ ಫೋರ್‌ಮನ್ ತಾವೇ ಕೂಗಿಲ್ಲದೆ ಪೂರ್ತಿ ಮೊತ್ತ ಎತ್ತುವ ತಿಂಗಳಿದ್ದರೆ, ಆ ತಿಂಗಳು ಬಿಟ್ಟ ಹಣವೂ ಇಲ್ಲ, ಲಾಭಾಂಶವೂ ಇಲ್ಲ. ಅದು ಮೋಸ ಅಲ್ಲ.

ಕಂತು ಬಾಕಿ ಇದ್ದರೆ

ಮೇಲಿನ ಉದಾಹರಣೆಯಲ್ಲಿ 18 ಜನ ಮಾತ್ರ ಕಟ್ಟಿದರೆ ಬಂದಿದ್ದು 72,000. ಚೀಟಿ ಎತ್ತಿದವರಿಗೆ ಆದರೂ 75,000 ಕೊಡಬೇಕು. ಪುಸ್ತಕದಲ್ಲಿ ಇಬ್ಬರ ಹೆಸರಿನ ಎದುರು ಬಾಕಿ ಕಾಣಬೇಕು, ಕೊರತೆ ಎಲ್ಲಿಂದ ತುಂಬಿದರು ಎಂಬುದೂ ಕಾಣಬೇಕು. ಎಲ್ಲರೂ ಕಟ್ಟಿದ್ದಾರೆ ಅಂತ ಬರೆದಿದ್ದು, ಚೀಟಿ ಎತ್ತಿದವರಿಗೆ ಮಾತ್ರ ತಿಂಗಳುಗಟ್ಟಲೆ ಹಣ ಸಿಕ್ಕಿಲ್ಲ ಅಂದರೆ ಅದು ಎಚ್ಚರಿಕೆಯ ಗಂಟೆ. ಚೀಟಿ ಎತ್ತಿದವರ ಸಹಿ ಮತ್ತು ಹಣ ಕೊಟ್ಟ ತಾರೀಖು ಕೇಳಿ. ಫೋನ್‌ಪೇ, ಗೂಗಲ್ ಪೇನಲ್ಲಿ ಕಟ್ಟಿದ್ದರೆ ಆ ತಾರೀಖಿಗೂ ಪುಸ್ತಕದ ತಾರೀಖಿಗೂ ತಾಳೆ ನೋಡಿ.

ಕಾನೂನು ಏನು ಹೇಳುತ್ತೆ

1982ರ ಚಿಟ್ ಫಂಡ್ಸ್ ಕಾಯ್ದೆಯಂತೆ ಚೀಟಿಯನ್ನು ನೋಂದಾಯಿಸಬೇಕು. ಫೋರ್‌ಮನ್ ಕಮಿಷನ್ ಮಿತಿ ಮೊದಲು ಶೇ 5 ಇತ್ತು, 2019ರ ತಿದ್ದುಪಡಿಯಲ್ಲಿ ಶೇ 7ಕ್ಕೆ ಏರಿತು. ಅದೇ ತಿದ್ದುಪಡಿ 'ಲಾಭಾಂಶ' ಎಂಬ ಪದದ ಬದಲು 'ಬಿಟ್ಟ ಹಣದ ಪಾಲು' ಎಂಬ ಅರ್ಥದ ಪದ ತಂದಿತು. ಹಣ ಬೆಳೆದು ಬಂದದ್ದಲ್ಲ, ಸದಸ್ಯರೊಬ್ಬರು ಬಿಟ್ಟುಕೊಟ್ಟದ್ದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕಮಿಷನ್ ಶೇ 7 ಆದರೆ ಮೊದಲ ಉದಾಹರಣೆಯ ಲಾಭಾಂಶ 900ಕ್ಕೆ ಇಳಿಯುತ್ತದೆ, ಕಂತು 4,100 ಆಗುತ್ತದೆ. ಹಾಗಾಗಿ ಒಪ್ಪಂದದಲ್ಲಿ ಯಾವ ಕಮಿಷನ್ ಇದೆ ಅಂತ ಮೊದಲೇ ನೋಡಿಕೊಳ್ಳಿ.

ಸರ್ಕಾರಿ ಸಂಸ್ಥೆ ಎಂಎಸ್‌ಐಎಲ್ ಚೀಟಿ ಇರಲಿ, ಖಾಸಗಿ ನೋಂದಾಯಿತ ಚೀಟಿ ಇರಲಿ, ಈ ಲೆಕ್ಕ ಒಂದೇ. ನೋಂದಾಯಿತ ಚೀಟಿಯಲ್ಲಿ ತಕರಾರು ಬಂದರೆ ಚಿಟ್ಸ್ ನಿಬಂಧಕರಿಗೆ ದೂರು ಕೊಡಬಹುದು. ಪಾಸ್‌ಬುಕ್, ಒಪ್ಪಂದದ ಪ್ರತಿ, ಕಂತಿನ ರಸೀದಿಗಳನ್ನು ಚೀಟಿ ಮುಗಿಯುವವರೆಗೂ ಎತ್ತಿಡಿ. ನೋಂದಣಿ ಇಲ್ಲದ ಚೀಟಿಯಲ್ಲಿ ಈ ದಾರಿ ಸುಲಭಕ್ಕೆ ಸಿಗಲ್ಲ.

ಚೀಟಿ ಮುಗಿದ ಮೇಲೆ ಕೊನೆಯ ತಾಳೆ ಒಂದಿದೆ. ನೀವು ಕಟ್ಟಿದ ಎಲ್ಲ ಕಂತುಗಳನ್ನು ಕೂಡಿ, ಸಿಕ್ಕ ಲಾಭಾಂಶಗಳನ್ನೂ ಸೇರಿಸಿ. ಈ ಉದಾಹರಣೆಯಲ್ಲಿ ಮೊತ್ತ ಸರಿಯಾಗಿ 1 ಲಕ್ಷ ಬರಬೇಕು. ಹೆಚ್ಚು ಬಂದರೆ ನೀವು ಹೆಚ್ಚು ಕಟ್ಟಿದ್ದೀರಿ, ಕಡಿಮೆ ಬಂದರೆ ಕಂತೊಂದು ಪುಸ್ತಕಕ್ಕೆ ಏರಿಲ್ಲ ಅಥವಾ ಕಟ್ಟುವುದು ಬಾಕಿ ಇದೆ.